ಬಿಪಿ ಗುಳಿಗೆ ಶುರುವಾದ ಮೇಲೆ ಬಾಯಿ ಒಣಗಿ ಕಬ್ಬಿಣದ ರುಚಿ ಬರುತ್ತಿದೆಯೇ? ಗುಳಿಗೆ ಬಿಡುವ ಮೊದಲು ಇದನ್ನು ಮಾಡಿ

"ಬಿಪಿ ಗುಳಿಗಿ ಚಾಲೂ ಮಾಡಿದಾಗಿಂದ ಬಾಯಾಗ ಕಬ್ಬಿಣ ನೆಕ್ಕಿದಂಗ ಆಗತೈತ್ರಿ. ಎಷ್ಟು ನೀರು ಕುಡದ್ರೂ ಬಾಯಿ ಒಣಗತೈತಿ. ಎರಡು ದಿನ ಗುಳಿಗಿ ಬಿಟ್ಟು ನೋಡ್ಲ್ಯಾ?" ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬೇಸಿಗೆ ಬಂತೆಂದರೆ ಇನ್ನೂ ಹೆಚ್ಚು.

ಬಿಟ್ಟು ನೋಡಬೇಡಿ. ಬಿಟ್ಟರೆ ಬಿಪಿ ಏರುತ್ತದೆ ಎಂಬುದು ನಿಮಗೂ ಗೊತ್ತು. ಅದಲ್ಲದೆ ಇನ್ನೊಂದು ಕಾರಣವಿದೆ. ಎರಡು ದಿನ ಬಿಡುವುದರಿಂದ ಗುಳಿಗೆಯ ತಪ್ಪು ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಟೆಲ್ಮಿಸಾರ್ಟನ್‌ಗೆ ಸುಮಾರು 24 ಗಂಟೆ ಬೇಕು, ಅಮ್ಲೋಡಿಪಿನ್‌ಗೆ 30ರಿಂದ 50 ಗಂಟೆ, ಕ್ಲೋರ್ಥಾಲಿಡೋನ್‌ಗೆ 40ರಿಂದ 60 ಗಂಟೆ. ನೀವು ಸೋಮವಾರ ಬಿಟ್ಟ ಗುಳಿಗೆ ಬುಧವಾರವೂ ಮೈಯಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಇರುತ್ತದೆ. ಆ ಎರಡು ದಿನದಲ್ಲಿ ಬಾಯಿ ಸರಿಹೋದರೆ ಅದಕ್ಕೆ ಬೇರೆ ಕಾರಣವಿರಬಹುದು, ಸರಿಹೋಗದಿದ್ದರೂ ಗುಳಿಗೆ ನಿರ್ದೋಷಿ ಎಂದು ಹೇಳಲಾಗದು. ಇನ್ನು ಕ್ಲೋನಿಡಿನ್, ಅಟೆನೊಲಾಲ್, ಮೆಟೊಪ್ರೊಲಾಲ್‌ಗಳನ್ನು ಥಟ್ಟನೆ ಬಿಟ್ಟರೆ ಬಿಪಿ ಮೊದಲಿಗಿಂತ ಮೇಲಕ್ಕೆ ಜಿಗಿಯಬಹುದು, ಎದೆಬಡಿತ ಏರಬಹುದು. ಕ್ಲೋನಿಡಿನ್‌ನಲ್ಲಿ ಇದು ಒಂದೆರಡು ದಿನದೊಳಗೇ ಆಗುತ್ತದೆ.

ಆದ್ದರಿಂದ ಗುಳಿಗೆ ನುಂಗುತ್ತಲೇ ಕಾರಣ ಹುಡುಕುವ ದಾರಿ ಇಲ್ಲಿದೆ. ನಾಲ್ಕೈದು ದಿನದ ಕೆಲಸ. ಕೊನೆಗೆ ನಿಮ್ಮ ಕೈಯಲ್ಲಿ ಒಂದು ಕಾಗದ ಇರುತ್ತದೆ. ಅದನ್ನು ನೋಡಿದ ಡಾಕ್ಟರರು ಐದು ನಿಮಿಷದಲ್ಲಿ ನಿರ್ಧಾರ ಮಾಡಬಹುದು.

ಮೊದಲು ಒಂದು ಎಚ್ಚರಿಕೆ. ತುಟಿ, ನಾಲಿಗೆ ಅಥವಾ ಮುಖ ಬಾತುಕೊಂಡರೆ, ಗಂಟಲು ಬಿಗಿದಂತಾದರೆ ಈ ಲೇಖನ ಪಕ್ಕಕ್ಕಿಟ್ಟು 108ಕ್ಕೆ ಕರೆ ಮಾಡಿ. ರಾಮಿಪ್ರಿಲ್, ಎನಲಾಪ್ರಿಲ್‌ನಂಥ 'ಪ್ರಿಲ್' ಗುಳಿಗೆಗಳಿಂದ ಅಪರೂಪಕ್ಕೆ ಹೀಗಾಗುತ್ತದೆ, ತಡಮಾಡಿದರೆ ಉಸಿರುಗಟ್ಟುತ್ತದೆ. ಆ ಗುಳಿಗೆಯನ್ನಂತೂ ಮತ್ತೆ ನುಂಗಬಾರದು. ತಲೆ ಭಾರ, ವಾಂತಿ, ಮಾತು ತೊದಲುವುದು, ಮಂಪರು, ಮೂತ್ರ ತೀರಾ ಕಡಿಮೆಯಾಗುವುದು ಇದ್ದರೆ ಅದೇ ದಿನ ದವಾಖಾನೆಗೆ ಹೋಗಿ.

ಬೇಕಾಗುವ ಸಾಮಾನು: ನೀವು ನುಂಗುವ ಎಲ್ಲ ಗುಳಿಗೆಗಳ ಸ್ಟ್ರಿಪ್, ಒಂದು ವಹಿ, ಕನ್ನಡಿ, ಮೊಬೈಲಿನ ಬ್ಯಾಟರಿ, ಒಂದು ಸಣ್ಣ ಸ್ಟೀಲ್ ವಾಟಿ, ಮತ್ತು ಮೆಡಿಕಲ್ ಅಂಗಡಿಯಿಂದ ತಂದ 5 ಮಿಲಿಯ ಸಿರಿಂಜು. ಸೂಜಿ ಬೇಡ. ಮನೆಯಲ್ಲಿ ಬಿಪಿ ಯಂತ್ರವಿದ್ದರೆ ಒಳ್ಳೆಯದು.

1. ಸ್ಟ್ರಿಪ್ಪಿನ ಹಿಂಬದಿ ಓದಿ

ಮುಂಬದಿಯ ದೊಡ್ಡ ಹೆಸರು ಕಂಪನಿಯದು, ಅದರಿಂದ ಏನೂ ತಿಳಿಯುವುದಿಲ್ಲ. ಹಿಂಬದಿಯ ಸಣ್ಣಕ್ಷರದಲ್ಲಿ ಔಷಧದ ನಿಜವಾದ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎಂಬುದು ಇರುತ್ತದೆ. ಒಂದೇ ಗುಳಿಗೆಯಲ್ಲಿ ಎರಡು, ಕೆಲವೊಮ್ಮೆ ಮೂರು ಔಷಧ ಕೂಡಿರುವುದುಂಟು. ಕಂಪನಿ ಹೆಸರಿನ ಮುಂದೆ 'ಎಚ್' ಎಂದಿದ್ದರೆ ಸಾಮಾನ್ಯವಾಗಿ ಹೈಡ್ರೋಕ್ಲೋರೋಥಯಾಜೈಡ್, 'ಎಎಂ' ಎಂದಿದ್ದರೆ ಅಮ್ಲೋಡಿಪಿನ್ ಸೇರಿದೆ ಎಂದರ್ಥ. ಆದರೆ ಅಕ್ಷರ ನಂಬಿ ಕೂಡಬೇಡಿ, ಹಿಂಬದಿಯನ್ನೇ ಓದಿ. ಅಕ್ಷರ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡಬಹುದು.

ಯಾವ ಔಷಧ ಬಾಯಿಗೆ ಏನು ಮಾಡುತ್ತದೆ ಎಂಬುದು ಬೇರೆ ಬೇರೆ.

ಮೂತ್ರ ಹೆಚ್ಚಿಸುವ ಗುಳಿಗೆಗಳು, ಅಂದರೆ ಕ್ಲೋರ್ಥಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್, ಇಂಡಪಮೈಡ್, ಮೈಯೊಳಗಿನ ಉಪ್ಪು ಮತ್ತು ನೀರನ್ನು ಹೊರಹಾಕಿ ಬಿಪಿ ಇಳಿಸುತ್ತವೆ. ಇವುಗಳಿಂದ ಬಾಯಿ ಒಣಗುವುದು, ನೀರಡಿಕೆ ಆಗುವುದು ಸಹಜ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ, ಹೊಲದಲ್ಲಿ ಬೆವರುವವರಿಗೆ ಇದು ಎದ್ದು ಕಾಣುತ್ತದೆ.

ಕ್ಲೋನಿಡಿನ್ ಮತ್ತು ಮೀಥೈಲ್‌ಡೋಪಾ ಮಿದುಳಿನ ಮೂಲಕ ಕೆಲಸ ಮಾಡುವ ಔಷಧಗಳು. ಜೊಲ್ಲಿನ ಗ್ರಂಥಿಗೆ ಹೋಗುವ ಸಂದೇಶವೂ ಕಡಿಮೆಯಾಗುವುದರಿಂದ ಇಲ್ಲಿ ಜೊಲ್ಲೇ ಕಡಿಮೆ ಬರುತ್ತದೆ. ಕ್ಲೋನಿಡಿನ್ ನುಂಗುವವರಲ್ಲಿ ಬಾಯಿ ಒಣಗುವುದು ಅತಿ ಸಾಮಾನ್ಯ ದೂರು.

ಕಬ್ಬಿಣದ ರುಚಿಗೆ ಹೆಸರಾದವು 'ಪ್ರಿಲ್' ಗುಳಿಗೆಗಳು. ಕ್ಯಾಪ್ಟೊಪ್ರಿಲ್ ಎಲ್ಲಕ್ಕಿಂತ ಹೆಚ್ಚು, ಎನಲಾಪ್ರಿಲ್, ರಾಮಿಪ್ರಿಲ್ ಸ್ವಲ್ಪ ಕಡಿಮೆ. ಕ್ಯಾಪ್ಟೊಪ್ರಿಲ್‌ನಿಂದ ಕೆಟ್ಟ ರುಚಿ ಹಲವರಲ್ಲಿ ಗುಳಿಗೆ ಮುಂದುವರಿಸಿದರೂ ಎರಡು ಮೂರು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ಲೊಸಾರ್ಟನ್, ಟೆಲ್ಮಿಸಾರ್ಟನ್, ಅಮ್ಲೋಡಿಪಿನ್‌ಗಳಿಂದಲೂ ರುಚಿ ಕೆಡಬಹುದು, ಆದರೆ ಅಷ್ಟು ಸಾಮಾನ್ಯವಲ್ಲ. ನಿಮ್ಮ ಸ್ಟ್ರಿಪ್ಪಿನಲ್ಲಿ ಬರೀ ಅಮ್ಲೋಡಿಪಿನ್ ಇದ್ದು, ಬಾಯಿ ಜೋರಾಗಿ ಕಬ್ಬಿಣ ಕಬ್ಬಿಣ ಎನ್ನುತ್ತಿದ್ದರೆ ಬೇರೆ ಕಾರಣ ಹುಡುಕುವುದೇ ಜಾಣತನ.

ಇಲ್ಲಿಂದ ಮುಂದೆ ಒಂದು ಉದಾಹರಣೆಯನ್ನು ಜೊತೆಗಿಟ್ಟುಕೊಳ್ಳೋಣ. ಜಮಖಂಡಿ ತಾಲ್ಲೂಕಿನ ಒಬ್ಬ 58 ವರ್ಷದ ಹೆಣ್ಣುಮಗಳು ಎಂದು ಇಟ್ಟುಕೊಳ್ಳಿ. ಏಪ್ರಿಲ್ 3ಕ್ಕೆ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ ಮತ್ತು ಕ್ಲೋರ್ಥಾಲಿಡೋನ್ 12.5 ಮಿಲಿಗ್ರಾಂ ಕೂಡಿದ ಗುಳಿಗೆ ಶುರುವಾಗಿದೆ. ಏಪ್ರಿಲ್ 8ರಿಂದ ಬಾಯಿ ಒಣಗುತ್ತಿದೆ, ಕಬ್ಬಿಣದ ರುಚಿಯೂ ಇದೆ. ಬೈಗುಳವೆಲ್ಲ ಬಿಪಿ ಗುಳಿಗೆಗೇ.

2. ತಾರೀಖು ಬರೆಯಿರಿ

ವಹಿಯ ಒಂದು ಪುಟದಲ್ಲಿ ಬಿಪಿ ಗುಳಿಗೆ ಶುರುವಾದ ದಿನ, ಬಾಯಿ ಕೆಟ್ಟ ದಿನ ಬರೆಯಿರಿ. ಅದರ ಕೆಳಗೆ ಆ ಹದಿನೈದು ದಿನದ ಆಸುಪಾಸಿನಲ್ಲಿ ಹೊಸದಾಗಿ ಸೇರಿದ ಅಥವಾ ಪ್ರಮಾಣ ಬದಲಾದ ಪ್ರತಿಯೊಂದು ಗುಳಿಗೆಯನ್ನೂ ಬರೆಯಿರಿ. ಚೀಟಿ ಇಲ್ಲದೆ ಅಂಗಡಿಯಿಂದ ತಂದದ್ದು, ಮನೆಯವರ ಡಬ್ಬಿಯಿಂದ ತೆಗೆದು ನುಂಗಿದ್ದು, ವೈದ್ಯರ ಪುಡಿ, ಭಸ್ಮ, ಟಾನಿಕ್ ಯಾವುದನ್ನೂ ಬಿಡಬೇಡಿ. ಜನ ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ನೆಗಡಿಯ ಗುಳಿಗೆಯನ್ನು ಯಾರೂ ಔಷಧ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕಬ್ಬಿಣದ ರುಚಿ ತರುವುದರಲ್ಲಿ ಶುಗರಿನ ಮೆಟ್‌ಫಾರ್ಮಿನ್ ಮತ್ತು ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಬಿಪಿ ಗುಳಿಗೆಗಳಿಗಿಂತ ಮುಂದಿವೆ. ರಕ್ತ ಹೆಚ್ಚಲೆಂದು ಕೊಡುವ ಕಬ್ಬಿಣಾಂಶದ ಗುಳಿಗೆ, ಸತುವು ಇರುವ ವಿಟಮಿನ್ ಗುಳಿಗೆ ಕೂಡ ಹಾಗೆಯೇ. ಬಾಯಿ ಒಣಗಿಸುವುದರಲ್ಲಿ ನೆಗಡಿ ಗುಳಿಗೆಯ ಕ್ಲೋರ್ಫೆನಿರಮೈನ್, ಅಲರ್ಜಿಯ ಸೆಟಿರಿಜಿನ್, ನಿದ್ದೆಗೆ ಅಥವಾ ನರದ ಉರಿಗೆ ಕೊಡುವ ಅಮಿಟ್ರಿಪ್ಟಿಲಿನ್ ಮುಖ್ಯವಾದವು. ನೆಗಡಿ ಗುಳಿಗೆಯಲ್ಲಿ ಫಿನೈಲ್‌ಎಫ್ರಿನ್ ಕೂಡ ಇದ್ದರೆ ಅದು ಬಿಪಿಯನ್ನೂ ಏರಿಸಬಹುದು. ಒಂದು ಕಡೆ ಇಳಿಸುವ ಗುಳಿಗೆ, ಇನ್ನೊಂದು ಕಡೆ ಏರಿಸುವ ಗುಳಿಗೆ.

ನಮ್ಮ ಉದಾಹರಣೆಯ ಅಕ್ಕನ ಪುಟದಲ್ಲಿ ಎರಡು ಸಂಗತಿ ಹೊರಬಿದ್ದವು. ಏಪ್ರಿಲ್ 3ಕ್ಕೇ ಶುಗರಿನ ಮೆಟ್‌ಫಾರ್ಮಿನ್ ದಿನಕ್ಕೆರಡು ಬಾರಿ 500 ಮಿಲಿಗ್ರಾಂ ಇದ್ದದ್ದು 1000 ಆಗಿದೆ. ಏಪ್ರಿಲ್ 6ರಿಂದ ಅಂಗಡಿಯ ನೆಗಡಿ ಗುಳಿಗೆ ದಿನಕ್ಕೆ ಎರಡು ನಡೆದಿದೆ. ಅಂದರೆ ಆರೋಪಿಗಳು ಈಗ ಮೂವರು.

ಜೊತೆಗೆ ಮೂರು ದಿನ ಒಂದು ಸಣ್ಣ ದಾಖಲೆ ಇಡಿ. ಗುಳಿಗೆ ನುಂಗಿದ ಸಮಯ, ರುಚಿ ಜೋರಾಗುವ ಸಮಯ, ಕಡಿಮೆಯಾಗುವ ಸಮಯ. ನುಂಗಿದ ಕೂಡಲೇ ಬಂದು ಅರ್ಧ ತಾಸಿನಲ್ಲಿ ಹೋಗುವ ರುಚಿ ಬಹುತೇಕ ಗುಳಿಗೆಯ ಪುಡಿ ನಾಲಿಗೆಗೆ ತಾಗಿದ್ದು, ಪರಿಹಾರವೂ ಸುಲಭ. ಗುಳಿಗೆಯನ್ನು ಕಚ್ಚಬೇಡಿ, ಡಾಕ್ಟರರು ಹೇಳದೆ ಮುರಿಯಬೇಡಿ. ಮೊದಲು ಒಂದು ಗುಟುಕು ನೀರಿನಿಂದ ಬಾಯಿ ತೋಯಿಸಿ, ನೆಟ್ಟಗೆ ಕುಳಿತು, ಒಂದು ಲೋಟ ನೀರಿನೊಂದಿಗೆ ನುಂಗಿ. ಒಣ ಬಾಯಿಯಲ್ಲಿ ಗುಳಿಗೆ ಅನ್ನನಾಳಕ್ಕೆ ಅಂಟಿಕೊಂಡು ಉರಿ ಮಾಡುವುದೂ ಉಂಟು. ಟೆಲ್ಮಿಸಾರ್ಟನ್ ಇದ್ದರೆ ವಾರದ್ದೆಲ್ಲ ಬಿಡಿಸಿ ಡಬ್ಬಿಗೆ ಹಾಕಿಡಬೇಡಿ. ಅದು ಗಾಳಿಯ ತೇವ ಹೀರಿ ಕೆಡುತ್ತದೆ, ನುಂಗುವ ಹೊತ್ತಿಗೇ ಸ್ಟ್ರಿಪ್ ಒಡೆಯಬೇಕು. ದಿನವಿಡೀ ಒಂದೇ ಸಮನೆ ಇರುವ ರುಚಿ ರಕ್ತಕ್ಕೆ ಸೇರಿದ ಔಷಧದಿಂದ ಅಥವಾ ಬಾಯಿಯೊಳಗಿನ ಬೇರೆ ತೊಂದರೆಯಿಂದ ಬರುವಂಥದ್ದು.

3. ಜೊಲ್ಲು ಅಳೆಯಿರಿ

ಬಾಯಿ ಒಣಗಿದೆ ಎಂದು ಅನ್ನಿಸುವುದು ಬೇರೆ, ಜೊಲ್ಲು ನಿಜವಾಗಿ ಕಡಿಮೆಯಾಗಿರುವುದು ಬೇರೆ. ಇದನ್ನು ಮನೆಯಲ್ಲೇ ಅಳೆಯಬಹುದು, ಆದರೂ ಬಹಳ ಜನ ಅಳೆಯುವುದಿಲ್ಲ.

ಬೆಳಿಗ್ಗೆ ಮಾಡಿ. ಅದಕ್ಕೆ ಮುಂಚೆ ಒಂದೂವರೆ ತಾಸು ಏನೂ ತಿನ್ನಬಾರದು, ಚಹಾ ಕುಡಿಯಬಾರದು, ಹಲ್ಲುಜ್ಜಬಾರದು, ಎಲೆ ಅಡಿಕೆ ತಂಬಾಕು ಹಾಕಬಾರದು. ಶುಗರಿನ ಇಂಜೆಕ್ಷನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಇದಕ್ಕಾಗಿ ಊಟ ತಡಮಾಡಬೇಡಿ, ಎದ್ದ ಕೂಡಲೇ ಮುಗಿಸಿಬಿಡಿ. ಕುರ್ಚಿಯಲ್ಲಿ ಕುಳಿತು ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಬಾಯಲ್ಲಿದ್ದ ಜೊಲ್ಲನ್ನು ಒಮ್ಮೆ ನುಂಗಿ, ಗಡಿಯಾರ ನೋಡಿ ಶುರು ಮಾಡಿ. ಮುಂದಿನ 15 ನಿಮಿಷ ನುಂಗದೆ, ಕೂಡಿದ ಜೊಲ್ಲನ್ನು ನಿಮಿಷಕ್ಕೊಮ್ಮೆ ವಾಟಿಗೆ ಬಿಡಿ. ಕ್ಯಾಕರಿಸಬೇಡಿ, ಚೀಪಬೇಡಿ, ಮಾತಾಡಬೇಡಿ. ಬಾಯಿ ಅಲುಗಿದಷ್ಟೂ ಜೊಲ್ಲು ಹೆಚ್ಚು ಬಂದು ಲೆಕ್ಕ ತಪ್ಪುತ್ತದೆ. ಮುಗಿದ ಮೇಲೆ ಹತ್ತು ನಿಮಿಷ ವಾಟಿಯನ್ನು ಹಾಗೇ ಇಡಿ. ನೊರೆ ಇಳಿದ ಮೇಲೆ ಸಿರಿಂಜಿನಿಂದ ಎಳೆದು ಎಷ್ಟು ಮಿಲಿ ಎಂದು ಓದಿ. ನೊರೆ ಸಮೇತ ಅಳೆದರೆ ಇಲ್ಲದ ಜೊಲ್ಲು ಇದ್ದಂತೆ ಕಾಣುತ್ತದೆ.

15 ನಿಮಿಷಕ್ಕೆ ನಾಲ್ಕು ಮಿಲಿಯ ಆಸುಪಾಸು ಬಂದರೆ ಜೊಲ್ಲು ಚೆನ್ನಾಗಿದೆ. 1.5 ಮಿಲಿ ಅಥವಾ ಅದಕ್ಕಿಂತ ಕಡಿಮೆ ಬಂದರೆ ಜೊಲ್ಲು ನಿಜವಾಗಿಯೂ ಕುಸಿದಿದೆ, ಡಾಕ್ಟರರಿಗೆ ತೋರಿಸಲೇಬೇಕಾದ ಅಂಕಿ ಅದು. ನಡುವೆ ಇದ್ದರೆ ನಾಲ್ಕು ದಿನ ಬಿಟ್ಟು ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಒಂದು ಅಳತೆಗಿಂತ ಎರಡರ ನಡುವಿನ ವ್ಯತ್ಯಾಸ ಹೆಚ್ಚು ಹೇಳುತ್ತದೆ.

ಜೊಲ್ಲು ಚೆನ್ನಾಗಿದ್ದೂ ಬೆಳಿಗ್ಗೆ ಎದ್ದಾಗ ಮಾತ್ರ ಬಾಯಿ ಒಣಗಿರುತ್ತಿದ್ದರೆ, ರಾತ್ರಿ ಬಾಯಿ ತೆರೆದು ಉಸಿರಾಡುತ್ತಿರಬಹುದು. ಮೂಗು ಕಟ್ಟಿದೆಯೇ, ಗೊರಕೆ ಇದೆಯೇ ಎಂದು ಮನೆಯವರನ್ನು ಕೇಳಿ.

ನಮ್ಮ ಅಕ್ಕನಿಗೆ ಏಪ್ರಿಲ್ 14ರಂದು ಬಂದದ್ದು 1.1 ಮಿಲಿ. ಅನ್ನಿಸಿಕೆಯಲ್ಲ, ನಿಜವಾದ ಒಣಬಾಯಿ.

4. ಬೇರೆ ಕಾರಣಗಳನ್ನು ಒಂದೊಂದಾಗಿ ತೆಗೆಯಿರಿ

ಒಂದೊಂದಾಗಿ ಎಂಬುದೇ ಇಲ್ಲಿ ಮುಖ್ಯ. ಒಂದೇ ದಿನ ನೀರು ಬದಲಿಸಿ, ತಂಬಾಕು ಬಿಟ್ಟು, ನೆಗಡಿ ಗುಳಿಗೆ ನಿಲ್ಲಿಸಿದರೆ ಬಾಯಿ ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಒಂದು ಬದಲಾವಣೆಗೆ ಎರಡು ದಿನ ಕೊಡಿ.

ನೀರಿನಿಂದ ಶುರು ಮಾಡಿ. ಬೋರಿನ ನೀರಲ್ಲಿ ಕಬ್ಬಿಣಾಂಶ ಹೆಚ್ಚಿದ್ದರೆ ಬಕೆಟ್ಟಿನ ಅಂಚಿಗೆ, ಬಚ್ಚಲಿನ ಹಾಸುಗಲ್ಲಿಗೆ ಕೆಂಗಂದು ಕಲೆ ಕೂತಿರುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ನೀರು ತಂದು ಎರಡು ದಿನ ಕುಡಿಯಲಿಕ್ಕೂ ಅಡಿಗೆಗೂ ಅದನ್ನೇ ಬಳಸಿ. ತಾಮ್ರದ ತಂಬಿಗೆಯಲ್ಲಿ ನೀರಿಡುವ ರೂಢಿ ಇದ್ದರೆ ಆ ಎರಡು ದಿನ ಸ್ಟೀಲಿಗೆ ಬದಲಿಸಿ. ತಾಮ್ರದ ಅಥವಾ ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಮಜ್ಜಿಗೆ, ಹುಣಸೆ ಸಾರು, ನಿಂಬೆ ಪಾನಕ ಇಡುತ್ತಿದ್ದರೆ ಅದನ್ನು ಎರಡು ದಿನಕ್ಕಲ್ಲ, ಶಾಶ್ವತವಾಗಿ ನಿಲ್ಲಿಸಿ. ಹುಳಿಗೆ ತಾಮ್ರ ಕರಗಿ ಇಳಿಯುತ್ತದೆ.

ಆಮೇಲೆ ವಸಡು. ಕನ್ನಡಿ ಮುಂದೆ ನಿಂತು ಬ್ಯಾಟರಿ ಹಿಡಿದು ನೋಡಿ. ಉಗುಳಿದಾಗ ಕೆಂಪು ಕಂಡರೆ, ವಸಡು ಊದಿ ಕೆಂಪಾಗಿದ್ದರೆ ಆ ಕಬ್ಬಿಣದ ರುಚಿ ನಿಮ್ಮ ರಕ್ತದ್ದೇ. ರಕ್ತದಲ್ಲಿ ಕಬ್ಬಿಣ ಇದೆಯಲ್ಲ! ಬೆಳಗಾವಿ ಕಡೆ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಹೆಣ್ಣುಮಕ್ಕಳು ಈಗಲೂ ಇದ್ದಾರೆ. ಅದು ತಂಬಾಕೇ, ವಸಡನ್ನೂ ರುಚಿಯನ್ನೂ ಕೆಡಿಸುತ್ತದೆ. ಗುಟ್ಕಾ, ಎಲೆ ತಂಬಾಕಿಗೂ ಇದೇ ಮಾತು. ನಾಲಿಗೆಯ ಮೇಲೆ ಒರೆಸಿದರೆ ಹೋಗುವ ಬಿಳಿ ಪದರ ಇದ್ದು, ಕೆಳಗೆ ಕೆಂಪಾಗಿ ಉರಿಯುತ್ತಿದ್ದರೆ ಅದು ಬೂಸ್ಟಿನ ಸೋಂಕಿರಬಹುದು. ಒಣಬಾಯಿಯಲ್ಲಿ, ಅದರಲ್ಲೂ ಶುಗರ್ ಇರುವವರಲ್ಲಿ, ಇದು ಬೇಗ ಹತ್ತುತ್ತದೆ. ಅದಕ್ಕೆ ಬೇರೆ ಔಷಧವಿದೆ.

ಮೂರನೆಯದು ಶುಗರ್. ಬಾಯಿ ಒಣಗುವುದರ ಜೊತೆ ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು, ತೂಕ ಇಳಿಯುವುದು ಇದ್ದರೆ ರಕ್ತದ ಸಕ್ಕರೆ ನೋಡಿಸಿ. ಬಿಪಿ ಇರುವವರಲ್ಲಿ ಶುಗರ್ ಜೊತೆಯಾಗಿ ಸಿಗುವುದು ಬಹಳ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚಿದ್ದರೆ ಡಾಕ್ಟರರು ಮುಂದಿನದನ್ನು ನೋಡುತ್ತಾರೆ.

ಚೀಟಿಯಿಲ್ಲದೆ ತಂದ ನೆಗಡಿ ಗುಳಿಗೆಯನ್ನು ನೀವೇ ನಿಲ್ಲಿಸಬಹುದು. ಡಾಕ್ಟರರು ಬರೆದುಕೊಟ್ಟ ಯಾವುದನ್ನೂ, ಮೆಟ್‌ಫಾರ್ಮಿನ್ ಸೇರಿ, ಈ ಪ್ರಯೋಗಕ್ಕಾಗಿ ನಿಲ್ಲಿಸಬೇಡಿ.

ಅಕ್ಕ ಏಪ್ರಿಲ್ 14ರ ರಾತ್ರಿಯಿಂದ ನೆಗಡಿ ಗುಳಿಗೆ ನಿಲ್ಲಿಸಿದರು. 18ರಂದು ಅಳೆದಾಗ ಜೊಲ್ಲು 1.9 ಮಿಲಿ. ಏರಿದೆ, ಆದರೆ ಪೂರ್ತಿ ಸರಿಯಾಗಿಲ್ಲ. ಕಬ್ಬಿಣದ ರುಚಿ ಹಾಗೇ ಇದೆ. ಅಲ್ಲಿಗೆ ನೆಗಡಿ ಗುಳಿಗೆ ಒಣಬಾಯಿಗೆ ಭಾಗೀದಾರ, ರುಚಿಗೆ ಅಲ್ಲ.

5. ಈ ನಡುವೆ ಬಾಯಿಗೆ ಆರಾಮ ಹೇಗೆ? ಮತ್ತು ಎಲ್ಲಿ ಎಡವುತ್ತಾರೆ?

ಈ ಹಂತದಲ್ಲಿ ಉಪಾಯಕ್ಕಿಂತ ಅಪಾಯ ಹೆಚ್ಚು, ಅದಕ್ಕೇ ಅಪಾಯವನ್ನು ಮೊದಲು ಹೇಳುತ್ತೇವೆ.

ಬಾಯಿ ಒಣಗಿತೆಂದು ತಂಬಿಗೆಗಟ್ಟಲೆ ನೀರು ಕುಡಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮೂತ್ರ ಹೆಚ್ಚಿಸುವ ಗುಳಿಗೆ ಮೈಯ ಸೋಡಿಯಂ ಹೊರಹಾಕುತ್ತಿರುತ್ತದೆ. ಅದರ ಮೇಲೆ ದಿನಕ್ಕೆ ಐದಾರು ಲೀಟರ್ ನೀರು ಸುರಿದರೆ ಉಳಿದ ಸೋಡಿಯಂ ತೆಳ್ಳಗಾಗುತ್ತದೆ. ರಕ್ತದಲ್ಲಿ ಅದು 135ರಿಂದ 145ರ ನಡುವೆ ಇರಬೇಕು. ಇಳಿಯುತ್ತ ಹೋದಂತೆ ತಲೆ ಭಾರ, ಓಕರಿಕೆ, ಆಮೇಲೆ ಗೊಂದಲ, ಕೊನೆಗೆ ಫಿಟ್ಸ್ ಕೂಡ ಬರಬಹುದು. ವಯಸ್ಸಾದವರಿಗೆ, ಅದರಲ್ಲೂ ಹೆಂಗಸರಿಗೆ, ಗುಳಿಗೆ ಶುರುವಾದ ಮೊದಲ ಕೆಲವು ವಾರಗಳಲ್ಲಿ ಈ ಅಪಾಯ ಜಾಸ್ತಿ. ಮನೆಯವರು "ಬಿಸಿಲು ಬಡದೈತಿ" ಎಂದುಕೊಂಡು ಇನ್ನಷ್ಟು ನೀರು ಕುಡಿಸುತ್ತಾರೆ. ನೀರಡಿಕೆಗೆ ತಕ್ಕಷ್ಟು ಕುಡಿಯಿರಿ. ಬರೀ ಬಾಯಿ ಒಣಗಿದ್ದಕ್ಕೆ ಒಂದು ಗುಟುಕು ಬಾಯಲ್ಲಿ ಹಿಡಿದು ತಿರುಗಿಸಿ ನುಂಗಿದರೆ ಸಾಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಆ ಮಿತಿಯನ್ನು ದಾಟಬೇಡಿ.

ಇದಕ್ಕೆ ಉಲ್ಟಾ ತಪ್ಪೂ ಇದೆ. ಸೋಡಿಯಂ ಹೋಗುತ್ತದೆಯೆಂದು ದಿನಾ ಓಆರ್‌ಎಸ್ ಕುಡಿಯುವುದು. ಒಂದು ಲೀಟರಿನ ಓಆರ್‌ಎಸ್ ಪಾಕೀಟಿನಲ್ಲಿ ಅಡಿಗೆ ಉಪ್ಪೇ 2.6 ಗ್ರಾಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 5 ಗ್ರಾಮಿಗಿಂತ ಕಡಿಮೆ. ವಾಂತಿ ಭೇದಿಯಾದಾಗ ಓಆರ್‌ಎಸ್ ಬೇಕು, ಆದರೆ ಅಂಥ ದಿನ ಡಾಕ್ಟರರಿಗೆ ಫೋನ್ ಮಾಡಿ. ಮೈಯಲ್ಲಿ ನೀರಿಲ್ಲದಾಗ ಟೆಲ್ಮಿಸಾರ್ಟನ್, ಮೂತ್ರದ ಗುಳಿಗೆ, ಮೆಟ್‌ಫಾರ್ಮಿನ್ ಮುಂದುವರಿಸಬೇಕೋ ತಾತ್ಕಾಲಿಕವಾಗಿ ನಿಲ್ಲಿಸಬೇಕೋ ಎಂದು ಅವರೇ ಹೇಳಬೇಕು.

ರುಚಿ ಕೆಟ್ಟ ನಾಲಿಗೆ ಉಪ್ಪು ಖಾರ ಬೇಡುತ್ತದೆ. ಸಾರಿಗೆ ಮೇಲುಪ್ಪು, ಊಟದಲ್ಲಿ ಎರಡು ಹೋಳು ಉಪ್ಪಿನಕಾಯಿ, ರೊಟ್ಟಿಗೆ ಮುಷ್ಟಿ ಶೇಂಗಾ ಚಟ್ನಿ. ಹದಿನೈದು ದಿನ ಹೀಗೆ ನಡೆದರೆ ಬಿಪಿ ಏರಿ "ಈ ಗುಳಿಗಿ ನನಗ ಒಗ್ಗಲಿಲ್ಲ" ಎನ್ನುವಂತಾಗುತ್ತದೆ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪು ಇದಕ್ಕೆ ಪರಿಹಾರವಲ್ಲ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟನ್, ಲೊಸಾರ್ಟನ್, 'ಪ್ರಿಲ್' ಗುಳಿಗೆಗಳು ಕೂಡ ಪೊಟ್ಯಾಸಿಯಂ ಏರಿಸುವಂಥವು. ಎರಡೂ ಕೂಡಿದರೆ, ಮೂತ್ರಪಿಂಡ ದುರ್ಬಲವಿದ್ದವರಲ್ಲಿ, ಹೃದಯದ ಬಡಿತವೇ ತಪ್ಪಬಹುದು. ಉಪ್ಪಿನ ಬದಲು ನಿಂಬೆಯ ನಾಲ್ಕು ಹನಿ, ಕೊತ್ತಂಬರಿ, ಹುರಿದ ಜೀರಿಗೆ ಪುಡಿ ಬಳಸಿ. ಹುಳಿಗೆ ಜೊಲ್ಲು ಚಿಮ್ಮುತ್ತದೆ. ನಿಂಬೆಹೋಳನ್ನೇ ಚೀಪುತ್ತ ಕೂಡಬೇಡಿ, ಜೊಲ್ಲಿನ ಕಾವಲಿಲ್ಲದ ಹಲ್ಲು ಹುಳಿಗೆ ಸವೆಯುತ್ತದೆ.

ಪೆಪ್ಪರ್ಮೆಂಟು, ಕಲ್ಲುಸಕ್ಕರೆ, ಒಂದು ತುಂಡು ಕರದಂಟು ಬಾಯಲ್ಲಿಟ್ಟುಕೊಂಡು ದಿನ ಕಳೆಯುವುದೂ ಬೇಡ. ಒಣಬಾಯಲ್ಲಿ ಸಿಹಿ ಅಂಟಿ ಕೂತು ಹಲ್ಲು ಬೇಗ ಹುಳುಕಾಗುತ್ತದೆ. ಸಕ್ಕರೆ ಲೇಪವಿಲ್ಲದ ಬಡೇಸೋಪು ಅಥವಾ ಒಂದು ಏಲಕ್ಕಿ ಅಗಿಯಿರಿ, ಅಗಿತಕ್ಕೇ ಜೊಲ್ಲು ಬರುತ್ತದೆ. ಸಕ್ಕರೆರಹಿತ ಚೂಯಿಂಗ್ ಗಮ್ ಸಿಕ್ಕರೆ ಅದೂ ಆದೀತು.

ಬಾಯಿ ಮುಕ್ಕಳಿಸಲು: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಊಟಕ್ಕೆ ಮುಂಚೆ ಮತ್ತು ಮಲಗುವಾಗ ಅರ್ಧ ನಿಮಿಷ ಮುಕ್ಕಳಿಸಿ ಪೂರ್ತಿ ಉಗುಳಿ. ನುಂಗಿದರೆ ಅದೂ ಸೋಡಿಯಂ. ಊಟಕ್ಕೆ ಮುಂಚೆ ಮಾಡಿದರೆ ಕಬ್ಬಿಣದ ರುಚಿ ಕೆಲಹೊತ್ತು ತಗ್ಗಿ ಊಟ ರುಚಿಸುತ್ತದೆ. ಮದ್ಯಸಾರ ಇರುವ, ಬಾಯಿ ಉರಿಯುವ ಮೌತ್‌ವಾಶ್ ಬೇಡ, ಅದು ಇನ್ನಷ್ಟು ಒಣಗಿಸುತ್ತದೆ. ಫ್ಲೋರೈಡ್ ಇರುವ ಪೇಸ್ಟಿನಿಂದ ರಾತ್ರಿ ತಪ್ಪದೆ ಹಲ್ಲುಜ್ಜಿ, ನೊರೆ ಉಗುಳಿ ಸುಮ್ಮನಿರಿ, ಮತ್ತೆ ಮತ್ತೆ ನೀರಿನಿಂದ ತೊಳೆಯಬೇಡಿ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ, ಹುಳುಕು ಹಿಡಿಯುವ ಹೊತ್ತೇ ಅದು.

ಕಟಕ ರೊಟ್ಟಿ ಈಗ ಗಂಟಲಿಗೆ ಇಳಿಯುವುದಿಲ್ಲ. ಬಿಸಿ ರೊಟ್ಟಿಯನ್ನು ಬೇಳೆ ಸಾರಿನಲ್ಲಿ ಅಥವಾ ಉಪ್ಪು ಹಾಕದ ಮಜ್ಜಿಗೆಯಲ್ಲಿ ನೆನೆಸಿ ಉಣ್ಣಿ. ಜೋಳದ ನುಚ್ಚು, ಅಂಬಲಿ ಸಲೀಸು. ಕೆಂಪು ಖಾರ ಒಣಬಾಯನ್ನು ಸುಡುತ್ತದೆ, ಸ್ವಲ್ಪ ದಿನ ತಗ್ಗಿಸಿ.

6. ಕಾಗದ ಹಿಡಿದು ಡಾಕ್ಟರರ ಬಳಿಗೆ

ಒಂದೇ ಪುಟ ಸಾಕು. ಅಕ್ಕನ ಪುಟ ಹೀಗಿತ್ತು: "ಏ. 3ಕ್ಕೆ ಟೆಲ್ಮಿಸಾರ್ಟನ್ 40, ಕ್ಲೋರ್ಥಾಲಿಡೋನ್ 12.5 ಶುರು. ಅದೇ ದಿನ ಮೆಟ್‌ಫಾರ್ಮಿನ್ 500ರಿಂದ 1000. ಏ. 6ರಿಂದ 14 ನೆಗಡಿ ಗುಳಿಗೆ. ಏ. 8ರಿಂದ ಬಾಯಿ ಒಣ, ಕಬ್ಬಿಣದ ರುಚಿ ದಿನವಿಡೀ. ಜೊಲ್ಲು 15 ನಿಮಿಷಕ್ಕೆ 1.1, ನೆಗಡಿ ಗುಳಿಗೆ ಬಿಟ್ಟ ಮೇಲೆ 1.9. ನೀರು ದಿನಕ್ಕೆ ಸುಮಾರು 6 ಲೀಟರ್. ಎರಡು ದಿನದಿಂದ ತಲೆ ಭಾರ." ಮನೆಯ ಬಿಪಿ ಅಂಕಿಗಳೂ ಕೆಳಗಿದ್ದವು. ಐದು ನಿಮಿಷ ಸುಮ್ಮನೆ ಕುಳಿತು, ಬೆಳಿಗ್ಗೆ ಗುಳಿಗೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ಒಂದು ನಿಮಿಷದ ಅಂತರದಲ್ಲಿ ತೆಗೆದವು. ಮನೆಯಲ್ಲಿ ಸರಾಸರಿ 135/85ಕ್ಕಿಂತ ಕೆಳಗಿದೆಯೇ ಎಂಬುದನ್ನು ಡಾಕ್ಟರರು ನೋಡುತ್ತಾರೆ.

ಆ ಪುಟದಲ್ಲಿ ನೀರಿನ ಲೆಕ್ಕ ಮತ್ತು ತಲೆ ಭಾರ ಇಲ್ಲದಿದ್ದರೆ ಸೋಡಿಯಂ ಪರೀಕ್ಷೆ ಆಗುತ್ತಿತ್ತೋ ಇಲ್ಲವೋ. ಮಾಡಿಸಿದಾಗ ಬಂದದ್ದು 129. ಇಂಥ ಕಡೆ ಡಾಕ್ಟರರು ಸಾಮಾನ್ಯವಾಗಿ ಕ್ಲೋರ್ಥಾಲಿಡೋನ್ ತೆಗೆದು ಅಮ್ಲೋಡಿಪಿನ್ 5 ಮಿಲಿಗ್ರಾಂ ಕೊಡುತ್ತಾರೆ, ನೀರಿಗೆ ಮಿತಿ ಹಾಕುತ್ತಾರೆ, ಎರಡು ಮೂರು ದಿನಕ್ಕೆ ಸೋಡಿಯಂ ಮತ್ತೆ ನೋಡುತ್ತಾರೆ. ಕೆಲವರನ್ನು ದಾಖಲಿಸಿಕೊಳ್ಳಬೇಕಾಗುತ್ತದೆ. ರುಚಿಯ ವಿಷಯದಲ್ಲಿ ಮೆಟ್‌ಫಾರ್ಮಿನ್ ಮೇಲೆ ಅನುಮಾನ ಉಳಿಯಿತು. ಅದನ್ನು ಊಟದ ನಡುವೆ ನುಂಗುವಂತೆ, ನಿಧಾನವಾಗಿ ಕರಗುವ ಬಗೆಗೆ ಬದಲಿಸಬಹುದು. ಬಿಪಿ ಗುಳಿಗೆಯನ್ನು ಪೂರ್ತಿ ಬಿಟ್ಟಿದ್ದರೆ ಕಬ್ಬಿಣದ ರುಚಿ ಬಹುಶಃ ಉಳಿದೇ ಇರುತ್ತಿತ್ತು, ಬಿಪಿಯೂ ಏರುತ್ತಿತ್ತು.

ನಿಮ್ಮದು ಬೇರೆ ಗುಳಿಗೆಯಾಗಿದ್ದರೆ ಬೇರೆ ದಾರಿ. 'ಪ್ರಿಲ್'ನಿಂದ ರುಚಿ ಕೆಟ್ಟು ಜೊತೆಗೆ ಒಣಕೆಮ್ಮೂ ಇದ್ದರೆ 'ಸಾರ್ಟನ್'ಗೆ ಬದಲಿಸುವುದು ರೂಢಿ. ಕ್ಲೋನಿಡಿನ್ ಆಗಿದ್ದರೆ ದಿನದಿಂದ ದಿನಕ್ಕೆ ಪ್ರಮಾಣ ಇಳಿಸುತ್ತ ಬಿಡಿಸಬೇಕು, ಆ ವೇಳಾಪಟ್ಟಿಯನ್ನು ಬರೆಸಿಕೊಂಡೇ ಬನ್ನಿ. ರುಚಿ ಸ್ವಲ್ಪವೇ ಕೆಟ್ಟಿದ್ದು ಊಟ ಹೋಗುತ್ತಿದ್ದರೆ, ರಕ್ತ ಪರೀಕ್ಷೆ ಸರಿಯಿದ್ದರೆ ಕೆಲವು ವಾರ ಕಾಯಿರಿ ಎನ್ನುವ ಡಾಕ್ಟರರ ಮಾತು ತಪ್ಪಲ್ಲ.

'ಸಾರ್ಟನ್' ಅಥವಾ 'ಪ್ರಿಲ್' ಶುರುವಾಗಿ ಎರಡು ಮೂರು ವಾರವಾಗಿದ್ದರೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಮೂತ್ರಪಿಂಡ ಸೋಲುತ್ತಿದ್ದರೂ ಬಾಯಲ್ಲಿ ಲೋಹದ ರುಚಿ, ಊಟ ಸೇರದಿರುವುದು, ಓಕರಿಕೆ ಕಾಣುತ್ತವೆ. ಕ್ರಿಯಾಟಿನಿನ್ ಅದನ್ನು ಹೊರಗೆಡಹುತ್ತದೆ.

ವಸಡು ಅಥವಾ ಹಲ್ಲಿನದೇ ತೊಂದರೆ ಎಂದಾದರೆ ಬೆಳಗಾವಿಯ ಕೆಎಲ್‌ಇ ವಿ.ಕೆ. ದಂತ ವಿಜ್ಞಾನ ಸಂಸ್ಥೆ, ಬಾಗಲಕೋಟೆಯ ಪಿಎಂಎನ್‌ಎಂ ದಂತ ಕಾಲೇಜು, ವಿಜಯಪುರದ ಅಲ್ ಅಮೀನ್ ದಂತ ಕಾಲೇಜು ಹತ್ತಿರದವು. ಹೋದಾಗ ಬಿಪಿ ಗುಳಿಗೆಯ ಸ್ಟ್ರಿಪ್ ತೋರಿಸಿ. ಅಮ್ಲೋಡಿಪಿನ್‌ನಿಂದ ಕೆಲವರಿಗೆ ತಿಂಗಳುಗಳ ನಂತರ ವಸಡು ದಪ್ಪವಾಗಿ ಬೆಳೆಯುತ್ತದೆ, ಅದು ದಂತವೈದ್ಯರಿಗೆ ತಿಳಿದಿರಬೇಕು.

7. ಗುಳಿಗೆ ಬದಲಾದ ಮೇಲೆ

ಮರುದಿನವೇ ಬಾಯಿ ಸರಿಹೋಗಲಿಲ್ಲವೆಂದು ಮತ್ತೆ ಬದಲಿಸಲು ಓಡಬೇಡಿ. ಕ್ಲೋರ್ಥಾಲಿಡೋನ್‌ನಂಥದ್ದು ಮೈಯಿಂದ ಪೂರ್ತಿ ಹೋಗಲು ಹತ್ತು ಹನ್ನೆರಡು ದಿನ ಬೇಕು. ನಾಲಿಗೆಯ ರುಚಿಕೋಶಗಳು ಹೊಸದಾಗಿ ಹುಟ್ಟಲೂ ಸುಮಾರು ಹತ್ತು ದಿನ ಹಿಡಿಯುತ್ತದೆ. ಎರಡು ವಾರ ಕಳೆದ ಮೇಲೆ, ಮೊದಲಿನಂತೆಯೇ ಬೆಳಿಗ್ಗೆ, ಅದೇ ವಾಟಿಯಲ್ಲಿ ಜೊಲ್ಲು ಅಳೆದು ಬರೆದಿಡಿ. ರುಚಿ ಪೂರ್ತಿ ಮರಳಲು ಇನ್ನೂ ಕೆಲವು ವಾರ ಹಿಡಿಯಬಹುದು. ಆ ಎರಡು ವಾರ ಬಿಪಿಯನ್ನು ತಪ್ಪದೆ ನೋಡಿ. 180/120 ದಾಟಿ ಎದೆನೋವು, ಉಸಿರುಕಟ್ಟು, ಕಣ್ಣು ಮಂಜಾಗುವುದು, ಕೈಕಾಲು ಸೋಲುವುದು ಇದ್ದರೆ 108.

ಗುಳಿಗೆಯ ಅಡ್ಡಪರಿಣಾಮವನ್ನು ಸರ್ಕಾರಕ್ಕೆ ನೀವೇ ತಿಳಿಸಬಹುದು. ಭಾರತೀಯ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ಕರೆ ಮಾಡುವಾಗ ಸ್ಟ್ರಿಪ್ಪಿನ ಬ್ಯಾಚ್ ನಂಬರ್ ಕೈಯಲ್ಲಿರಲಿ.

ಹಳೆಯ ಸ್ಟ್ರಿಪ್ಪಿನಲ್ಲಿ ಉಳಿದ ಗುಳಿಗೆಗಳನ್ನು ಹೊಸದರ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಹಳೆಯದರಲ್ಲೂ ಟೆಲ್ಮಿಸಾರ್ಟನ್, ಹೊಸದರಲ್ಲೂ ಟೆಲ್ಮಿಸಾರ್ಟನ್ ಇದ್ದು, ಕಂಪನಿ ಹೆಸರು ಬೇರೆ ಇರುವುದರಿಂದ ಎರಡನ್ನೂ ನುಂಗಿ ತಲೆ ತಿರುಗಿ ಬೀಳುವವರಿದ್ದಾರೆ. ಹಳೆಯದರ ಮೇಲೆ ಪೆನ್ನಿನಿಂದ ದೊಡ್ಡದಾಗಿ ಅಡ್ಡಗೆರೆ ಎಳೆದು, ಮುಂದಿನ ಸಲ ಹೋಗುವಾಗ ಡಾಕ್ಟರರ ಚೀಟಿಯ ಜೊತೆ ಚೀಲದಲ್ಲಿಟ್ಟುಕೊಂಡು ಹೋಗಿ.